ಅಗತ್ಯ ಗೃಹೀತ ಮತ್ತು ಪರ್ಯಾಪ್ತ ಗೃಹೀತ

ಅಗತ್ಯ ಗೃಹೀತ ಮತ್ತು ಪರ್ಯಾಪ್ತ ಗೃಹೀತ ಎಂಬುವು ವಾದವೊಂದರಲ್ಲಿ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುವ ಸಂಗತಿಗಳನ್ನು ವಿಂಗಡಿಸಲು ತರ್ಕಶಾಸ್ತ್ರದಲ್ಲಿಯೂ ಪ್ರವೇಶ ಪರೀಕ್ಷೆಗಳಲ್ಲಿಯೂ ಬಳಕೆಯಾಗುವ ಎರಡು ಪರಿಕಲ್ಪನೆಗಳು. ಯಾವ ಸಂಗತಿ ನಿಜವಲ್ಲದಿದ್ದರೆ ವಾದವು ನಿಲ್ಲಲಾರದೋ ಅದು ಆ ವಾದದ ಅಗತ್ಯ ಗೃಹೀತ. ಯಾವ ಸಂಗತಿಯನ್ನು ಆಧಾರಗಳೊಂದಿಗೆ ಸೇರಿಸಿದ ಮಾತ್ರಕ್ಕೆ ತೀರ್ಮಾನವು ತಪ್ಪದೆ ಸಿದ್ಧವಾಗುತ್ತದೆಯೋ ಅದು ಪರ್ಯಾಪ್ತ ಗೃಹೀತ. ಮೊದಲನೆಯದು ಇಲ್ಲದೆ ವಾದ ನಡೆಯದು. ಎರಡನೆಯದು ಇದ್ದರೆ ವಾದಕ್ಕೆ ಬೇರೇನೂ ಬೇಡ. ಒಂದು ಸಂಗತಿ ಅಗತ್ಯವೇ ಎಂದು ತಿಳಿಯಲು ಅದನ್ನು ನಿರಾಕರಿಸಿ ನೋಡುವ ವಿಧಾನಕ್ಕೆ ನಿಷೇಧ ಪರೀಕ್ಷೆ ಎನ್ನುತ್ತಾರೆ.

ಕನ್ನಡದ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ ಗೃಹೀತಕ್ಕೆ ಬದಲಾಗಿ ಊಹೆ, ಪೂರ್ವಕಲ್ಪನೆ ಎಂಬ ಪದಗಳೂ ಬಳಕೆಯಲ್ಲಿವೆ. 'ಊಹೆ' ಎಂಬ ಪದಕ್ಕೆ ಅಂದಾಜು ಎಂಬ ಅರ್ಥವೂ ಇರುವುದರಿಂದ ಈ ಲೇಖನದಲ್ಲಿ 'ಗೃಹೀತ' ಎಂಬುದನ್ನೇ ಬಳಸಲಾಗಿದೆ. ವಾದ ಮಾಡುವವನು ಇಲ್ಲಿ ಅಂದಾಜು ಮಾಡುತ್ತಿರುವುದಿಲ್ಲ. ಒಂದು ಸಂಗತಿಯನ್ನು ಆಗಲೇ ಒಪ್ಪಿತವಾದದ್ದೆಂದು ಹಿಡಿದು, ಎಷ್ಟೋ ವೇಳೆ ತಾನು ಹಾಗೆ ಹಿಡಿದಿದ್ದೇನೆಂಬ ಅರಿವೂ ಇಲ್ಲದೆ, ಮುಂದೆ ಸಾಗಿರುತ್ತಾನೆ.

## ವಾದದೊಳಗಿನ ಅಂತರ

ವಾದವೊಂದರಲ್ಲಿ ಕನಿಷ್ಠ ಎರಡು ಭಾಗಗಳಿರುತ್ತವೆ. ನಂಬಲು ಕಾರಣವಾಗಿ ಕೊಟ್ಟ ಮಾತು ಆಧಾರವಾಕ್ಯ; ಅದರ ಬಲದಿಂದ ನಂಬಿಸಲು ಹೊರಟ ಮಾತು ತೀರ್ಮಾನ. ದಿನಬಳಕೆಯ ವಾದಗಳಲ್ಲಿ ಇವೆರಡರ ನಡುವೆ ಸಾಮಾನ್ಯವಾಗಿ ಒಂದು ಅಂತರ ಉಳಿದಿರುತ್ತದೆ. 'ಇದು ರಸಪುರಿ ಮಾವಿನ ಹಣ್ಣು, ಆದ್ದರಿಂದ ಇದು ಸಿಹಿಯಾಗಿದೆ' ಎಂಬ ವಾದದಲ್ಲಿ ಆಧಾರವು ಹಣ್ಣಿನ ತಳಿಯ ಬಗ್ಗೆ, ತೀರ್ಮಾನವು ಅದರ ರುಚಿಯ ಬಗ್ಗೆ. ತಳಿಯಿಂದ ರುಚಿಗೆ ಹೇಗೆ ಬಂದೆವೆಂಬುದನ್ನು ವಾದವು ಹೇಳುವುದಿಲ್ಲ. ಹೀಗೆ ಒಂದು ಆಧಾರವನ್ನು ನುಂಗಿಕೊಂಡ ವಾದಕ್ಕೆ ಪಾಶ್ಚಾತ್ಯ ತರ್ಕಶಾಸ್ತ್ರದ ಪಠ್ಯಗಳಲ್ಲಿ ಎಂಥಿಮೀಮ್ ಎಂಬ ಹೆಸರಿದೆ.

ಈ ಅಂತರವನ್ನು ಕುರಿತು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದು. ಇದನ್ನು ಪೂರ್ತಿಯಾಗಿ ತುಂಬಲು ಏನು ಸಾಕು? ಇದನ್ನು ದಾಟಬೇಕಾದರೆ ಏನಿಲ್ಲದೆ ಆಗದು? ಎರಡೂ ಒಂದೇ ಪ್ರಶ್ನೆಯಂತೆ ಕಂಡರೂ ಉತ್ತರಗಳು ಬೇರೆಯಾಗಿರುತ್ತವೆ.

ಮಾವಿನ ವಾದದಲ್ಲಿ 'ರಸಪುರಿ ಹಣ್ಣುಗಳೆಲ್ಲ ಸಿಹಿ' ಎಂಬುದನ್ನು ಸೇರಿಸಿದರೆ ತೀರ್ಮಾನವು ಖಚಿತವಾಗುತ್ತದೆ. ಆದ್ದರಿಂದ ಅದು ಪರ್ಯಾಪ್ತ. ಆದರೆ ಅದು ಅಗತ್ಯವಲ್ಲ. ಎಲ್ಲೋ ಒಂದು ಮರದ ರಸಪುರಿ ಹುಳಿಯಾಗಿದ್ದರೂ ಕೈಯಲ್ಲಿರುವ ಹಣ್ಣು ಸಿಹಿಯಾಗಿರಲು ಅಡ್ಡಿಯಿಲ್ಲ. 'ಮಾವಿನ ಹಣ್ಣುಗಳೆಲ್ಲ ಸಿಹಿ' ಎಂಬುದೂ ಪರ್ಯಾಪ್ತವೇ. ಅದು ಇನ್ನೂ ದೊಡ್ಡ ಮಾತು, ವಾಸ್ತವದಲ್ಲಿ ಸುಳ್ಳು ಕೂಡ. ಆದರೂ ಅದನ್ನು ನಿಜವೆಂದು ಹಿಡಿದರೆ ತೀರ್ಮಾನವು ಸಿದ್ಧವಾಗುತ್ತದೆ ಎಂಬುದು ಬದಲಾಗದು. ಪರ್ಯಾಪ್ತ ಗೃಹೀತವು ನಂಬಲರ್ಹವಾಗಿರಬೇಕೆಂಬ ನಿಯಮವಿಲ್ಲ.

ಇನ್ನೊಂದು ಕಡೆಯಿಂದ 'ರಸಪುರಿ ಹಣ್ಣುಗಳಲ್ಲಿ ಕನಿಷ್ಠ ಒಂದಾದರೂ ಸಿಹಿ' ಎಂಬ ಬಡಪಾಯಿ ಮಾತನ್ನು ನೋಡಬಹುದು. ಇದರಿಂದ ತೀರ್ಮಾನವು ಸಿದ್ಧವಾಗುವುದಿಲ್ಲ. ಸಿಹಿಯಾದ ಆ ಒಂದು ಹಣ್ಣು ಬೇರೆಲ್ಲೋ ಇರಬಹುದು. ಆದರೆ ಇದು ಸುಳ್ಳಾದರೆ, ಅಂದರೆ ಯಾವ ರಸಪುರಿಯೂ ಸಿಹಿಯಲ್ಲವಾದರೆ, ಕೈಯಲ್ಲಿರುವ ರಸಪುರಿ ಸಿಹಿ ಎನ್ನಲು ಬಾರದು. ಆದ್ದರಿಂದ ಇದು ಅಗತ್ಯ, ಆದರೆ ಪರ್ಯಾಪ್ತವಲ್ಲ. ಅಗತ್ಯ ಗೃಹೀತಗಳು ಹೀಗೆ ಸಾಮಾನ್ಯವಾಗಿ ಮೆಲುದನಿಯವಾಗಿರುತ್ತವೆ. ಉತ್ತರ ಹುಡುಕುವವರು 'ಇಷ್ಟು ಸಣ್ಣ ಮಾತು ಉತ್ತರವಾಗಿರಲಾರದು' ಎಂದು ಅವನ್ನೇ ಮೊದಲು ಬಿಟ್ಟುಬಿಡುವುದುಂಟು.

ಎರಡೂ ಆಗಿರುವ ಗೃಹೀತವೂ ಸಾಧ್ಯ. 'ಈ ಹಣ್ಣು ರಸಪುರಿಯಾಗಿದ್ದರೆ ಇದು ಸಿಹಿಯಾಗಿದೆ' ಎಂಬುದು ಅಂತರದ ಅಳತೆಗೆ ಸರಿಯಾಗಿ ಕತ್ತರಿಸಿದ ಮಾತು. ಅದರಿಂದ ತೀರ್ಮಾನ ಸಿದ್ಧವಾಗುತ್ತದೆ. ಅದಿಲ್ಲದೆ ತೀರ್ಮಾನ ನಿಲ್ಲದು. ಇನ್ನು 'ಸಿಹಿಯಾದ ಮಾವುಗಳೆಲ್ಲ ರಸಪುರಿ' ಎಂಬ ಹಿಮ್ಮುಖ ಮಾತು ಎರಡೂ ಅಲ್ಲ. ಅದರಲ್ಲಿ ಸಿಹಿಯಿಂದ ರಸಪುರಿಗೆ ದಾರಿಯಿದೆಯೇ ಹೊರತು ರಸಪುರಿಯಿಂದ ಸಿಹಿಗೆ ದಾರಿಯಿಲ್ಲ. ಪರ್ಯಾಪ್ತ ಗೃಹೀತವನ್ನು ಕೇಳುವ ಪ್ರಶ್ನೆಗಳಲ್ಲಿ ಇಂತಹ ಹಿಮ್ಮುಖ ಆಯ್ಕೆಯನ್ನು ಬಲೆಯಾಗಿ ಇಡುವುದು ಸಾಮಾನ್ಯ.

## ನಿಷೇಧ ಪರೀಕ್ಷೆ

ಒಂದು ಹೇಳಿಕೆ ವಾದಕ್ಕೆ ಅಗತ್ಯವೇ ಎಂದು ಪರೀಕ್ಷಿಸಲು ಆ ಹೇಳಿಕೆಯನ್ನು ಸುಳ್ಳೆಂದು ಭಾವಿಸಿ, ಆಧಾರವಾಕ್ಯಗಳನ್ನು ಇದ್ದಂತೆಯೇ ನಿಜವೆಂದು ಉಳಿಸಿಕೊಂಡು, ವಾದವನ್ನು ಮತ್ತೆ ಓದಲಾಗುತ್ತದೆ. ಆಧಾರಗಳು ತೀರ್ಮಾನಕ್ಕೆ ಕೊಡುತ್ತಿದ್ದ ಬೆಂಬಲ ಕಳಚಿ ಬಿದ್ದರೆ ಆ ಹೇಳಿಕೆ ಅಗತ್ಯವಾಗಿತ್ತು. ವಾದವು ಇನ್ನೂ ನಿಂತಿದ್ದರೆ, ಸ್ವಲ್ಪ ಅಲುಗಾಡಿದರೂ ಸರಿಯೆ, ಅದು ಅಗತ್ಯವಾಗಿರಲಿಲ್ಲ.

ಈ ವಿಧಾನ ಏಕೆ ಕೆಲಸ ಮಾಡುತ್ತದೆ ಎಂಬುದು 'ಅಗತ್ಯ' ಎಂಬ ಪದದ ಅರ್ಥದಲ್ಲೇ ಅಡಗಿದೆ. ವಾದ ನಿಲ್ಲಬೇಕಾದರೆ ಗೃಹೀತ ನಿಜವಾಗಿರಬೇಕು ಎಂದರೆ, ಗೃಹೀತ ಸುಳ್ಳಾದರೆ ವಾದ ನಿಲ್ಲದು ಎಂದೇ ಅರ್ಥ. ಒಂದನ್ನೇ ಎರಡು ದಿಕ್ಕಿನಿಂದ ಹೇಳಿದಂತಾಯಿತು. ಪರ್ಯಾಪ್ತ ಗೃಹೀತದ ಅರ್ಥದಲ್ಲಿ ಇಂತಹ ಹಿಮ್ಮುಖ ಸಂಬಂಧವಿಲ್ಲ. ಅದು ಇದ್ದರೆ ತೀರ್ಮಾನ ಖಚಿತ ಎಂಬುದರಿಂದ, ಅದಿಲ್ಲದಿದ್ದರೆ ಏನಾಗುತ್ತದೆಂಬುದು ತಿಳಿಯುವುದಿಲ್ಲ.

ಇಲ್ಲಿ ಎಚ್ಚರ ಬೇಕಾದ ಸಂಗತಿಯೊಂದಿದೆ. ವಾದ ಬೀಳುವುದೆಂದರೆ ತೀರ್ಮಾನ ಸುಳ್ಳಾಗುವುದೆಂದು ಅರ್ಥವಲ್ಲ. 'ಸಾಕ್ಷಿಯು ಆರೋಪಿಯನ್ನು ಅಂಗಡಿಯೊಳಗೆ ನೋಡಿದ್ದಾಗಿ ಹೇಳಿದ್ದಾಳೆ. ಆದ್ದರಿಂದ ಆರೋಪಿ ಅಂಗಡಿಯೊಳಗಿದ್ದ' ಎಂಬ ವಾದಕ್ಕೆ 'ಸಾಕ್ಷಿಯ ಈ ಮಾತು ಕಟ್ಟುಕಥೆಯಲ್ಲ' ಎಂಬುದು ಅಗತ್ಯ. ಅದು ಕಟ್ಟುಕಥೆಯೆಂದು ಹಿಡಿದರೂ ಆರೋಪಿ ಅಲ್ಲಿದ್ದಿರಬಹುದು. ಆದರೆ ಅಲ್ಲಿದ್ದನೆಂದು ನಂಬಲು ಈ ವಾದವು ಕೊಟ್ಟ ಕಾರಣ ಇಲ್ಲವಾಗುತ್ತದೆ. ನಿಷೇಧ ಪರೀಕ್ಷೆಯು ನೋಡುವುದು ಆಧಾರಕ್ಕೂ ತೀರ್ಮಾನಕ್ಕೂ ಇರುವ ಸಂಬಂಧವನ್ನು, ತೀರ್ಮಾನದ ಸತ್ಯಾಸತ್ಯವನ್ನಲ್ಲ.

## ಹೇಳಿಕೆಯನ್ನು ಸರಿಯಾಗಿ ನಿಷೇಧಿಸುವುದು

ಪರೀಕ್ಷೆಯು ತಪ್ಪು ಫಲ ಕೊಡುವುದು ಬಹುತೇಕ ಈ ಹಂತದಲ್ಲಿ. ಒಂದು ಹೇಳಿಕೆಯ ನಿಷೇಧವೆಂದರೆ ಅದು ಸುಳ್ಳಾಗಲು ಬೇಕಾದಷ್ಟೇ ಮಾತು. ಅದರ ಎದುರು ತುದಿಯಲ್ಲ. 'ನೀರು ಬಿಸಿಯಾಗಿದೆ' ಎಂಬುದರ ನಿಷೇಧ 'ನೀರು ಬಿಸಿಯಾಗಿಲ್ಲ' ಎಂಬುದೇ ಹೊರತು 'ನೀರು ತಣ್ಣಗಿದೆ' ಎಂಬುದಲ್ಲ. ನೀರು ಉಗುರುಬೆಚ್ಚಗೂ ಇರಬಹುದು.

ಪ್ರಮಾಣವನ್ನು ಹೇಳುವ ಪದಗಳಲ್ಲಿ ಇದು ಮುಖ್ಯವಾಗುತ್ತದೆ. 'ಎಲ್ಲವೂ ಹೌದು' ಎಂಬುದನ್ನು ಸುಳ್ಳಾಗಿಸಲು ಒಂದೇ ಒಂದು ಅಪವಾದ ಸಾಕು. ಆದ್ದರಿಂದ ಅದರ ನಿಷೇಧ 'ಕನಿಷ್ಠ ಒಂದು ಅಲ್ಲ'. 'ಯಾವುದೂ ಅಲ್ಲ' ಎಂಬುದರ ನಿಷೇಧ 'ಕನಿಷ್ಠ ಒಂದು ಹೌದು'. 'ಕೆಲವು ಹೌದು' ಎಂಬ ಸಣ್ಣ ಮಾತಿನ ನಿಷೇಧವು ಮಾತ್ರ ದೊಡ್ಡದು: 'ಒಂದೂ ಅಲ್ಲ'. 'ಬಹುಪಾಲು ಹೌದು' ಎಂಬುದರ ನಿಷೇಧ 'ಹೆಚ್ಚೆಂದರೆ ಅರ್ಧದಷ್ಟು ಮಾತ್ರ ಹೌದು'. ಅಗತ್ಯ ಗೃಹೀತಗಳು ಮೆಲುದನಿಯವಾಗಿರುವುದಕ್ಕೂ ಇದಕ್ಕೂ ನಂಟಿದೆ. ಸಣ್ಣ ಮಾತನ್ನು ನಿಷೇಧಿಸಿದಾಗ ಸಿಗುವ ದೊಡ್ಡ ಮಾತಿಗೆ ವಾದವನ್ನು ಕೆಡವುವ ಬಲವಿರುತ್ತದೆ. ದೊಡ್ಡ ಮಾತನ್ನು ನಿಷೇಧಿಸಿದಾಗ ಉಳಿಯುವ 'ಎಲ್ಲೋ ಒಂದು ಅಪವಾದವಿದೆ' ಎಂಬ ಮಾತಿಗೆ ಆ ಬಲ ವಿರಳ.

ಷರತ್ತಿನ ವಾಕ್ಯವನ್ನು ನಿಷೇಧಿಸುವಾಗ ಷರತ್ತನ್ನು ಉಳಿಸಿಕೊಂಡು ಫಲವನ್ನು ಅಲ್ಲಗಳೆಯಬೇಕು. 'ಮಳೆ ಬಂದರೆ ಕೆರೆ ತುಂಬುತ್ತದೆ' ಎಂಬುದರ ನಿಷೇಧ 'ಮಳೆ ಬಂದರೂ ಕೆರೆ ತುಂಬದಿರುವುದುಂಟು'. 'ಮಳೆ ಬಾರದಿದ್ದರೆ ಕೆರೆ ತುಂಬುವುದಿಲ್ಲ' ಎಂಬುದು ಬೇರೆಯೇ ಹೇಳಿಕೆ.

ಕನ್ನಡದಲ್ಲಿ ಯೋಚಿಸುವವರಿಗೆ ಎರಡು ಕಡೆ ಭಾಷೆಯೇ ತೊಡಕಾಗುತ್ತದೆ. 'ಎಲ್ಲರೂ ಬಂದರು' ಎಂಬುದನ್ನು ನಿಷೇಧಿಸಲು ಕ್ರಿಯಾಪದವನ್ನು ಮಾತ್ರ ಬದಲಿಸಿ 'ಎಲ್ಲರೂ ಬರಲಿಲ್ಲ' ಎಂದರೆ, ಕೇಳುವವರು ಅದನ್ನು 'ಯಾರೂ ಬರಲಿಲ್ಲ' ಎಂದೂ 'ಬಂದವರಲ್ಲಿ ಎಲ್ಲರೂ ಇರಲಿಲ್ಲ' ಎಂದೂ ತಿಳಿಯಬಹುದು. ಬೇಕಾಗಿರುವುದು ಎರಡನೆಯ ಅರ್ಥ. ಹಾಗೆಯೇ 'ಮಾಡಲೇಬೇಕು' ಎಂಬುದರ ನಿಷೇಧ 'ಮಾಡಬಾರದು' ಅಲ್ಲ, 'ಮಾಡಬೇಕಾಗಿಲ್ಲ'. ಆಡುಮಾತಿನಲ್ಲಿ 'ಬೇಕು' ಎಂಬುದಕ್ಕೆ 'ಬೇಡ' ಎಂಬುದೇ ತಟ್ಟನೆ ಬಾಯಿಗೆ ಬರುವುದರಿಂದ ಈ ತಪ್ಪು ಸುಲಭ. ಎರಡಕ್ಕೂ ಒಂದೇ ಪರಿಹಾರವಿದೆ: ವಾಕ್ಯದೊಳಗೆ ಕೈಹಾಕದೆ ಅದರ ಕೊನೆಯಲ್ಲಿ 'ಎಂಬುದು ಸುಳ್ಳು' ಎಂದು ಸೇರಿಸಿ, ಆಮೇಲೆ ಅದರ ಅರ್ಥವನ್ನು ಬಿಡಿಸಿಕೊಳ್ಳುವುದು. 'ಎಲ್ಲರೂ ಬಂದರು ಎಂಬುದು ಸುಳ್ಳು' ಎಂದಾಗ ಗೊಂದಲ ಉಳಿಯುವುದಿಲ್ಲ.

## ಒಂದು ಉದಾಹರಣೆ

ಗ್ರಾಮಸಭೆಯೊಂದರಲ್ಲಿ ಈ ವಾದವನ್ನು ಮಂಡಿಸಲಾಗಿದೆ ಎಂದು ಭಾವಿಸಬಹುದು.

> ಕಳೆದ ಬೇಸಿಗೆಯಲ್ಲಿ ನಮ್ಮ ಕೆರೆಯ ಹೂಳೆತ್ತಲಾಯಿತು. ಆಗ ಕೆರೆಯ ಸುತ್ತಲಿನ 12 ಬೋರ್‌ವೆಲ್‌ಗಳನ್ನು ಅಳೆದಾಗ ನೀರು ಸರಾಸರಿ 180 ಅಡಿ ಆಳದಲ್ಲಿತ್ತು. ಈ ಬೇಸಿಗೆಯಲ್ಲಿ ಅವೇ ಬೋರ್‌ವೆಲ್‌ಗಳಲ್ಲಿ ಸರಾಸರಿ 140 ಅಡಿಯಲ್ಲಿ ನೀರಿದೆ. ಆದ್ದರಿಂದ ಹೂಳೆತ್ತಿದ್ದು ಈ ಬೋರ್‌ವೆಲ್‌ಗಳಲ್ಲಿ ನೀರು ಮೇಲೇರಲು ಕಾರಣವಾಗಿದೆ.

ಪ್ರಶ್ನೆ: ಈ ವಾದವು ಕೆಳಗಿನ ಯಾವ ಗೃಹೀತವನ್ನು ಅವಲಂಬಿಸಿದೆ?

(ಅ) ಹೂಳೆತ್ತಿದ ನಂತರದ ವರ್ಷದಲ್ಲಿ ಊರಿನಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚು ಮಳೆಯಾಗಿಲ್ಲ.
(ಆ) ಕೆರೆಯ ಹೂಳೆತ್ತಿದ ನಂತರ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೇರಿದ ಕಡೆಯಲ್ಲೆಲ್ಲ ಹೂಳೆತ್ತಿದ್ದು ಅದಕ್ಕೆ ಕಾರಣವಾಗಿರುತ್ತದೆ.
(ಇ) ಹೂಳೆತ್ತಿದ್ದರಿಂದ ಬಂದ ಲಾಭವು ಅದಕ್ಕೆ ತಗುಲಿದ ಖರ್ಚಿಗಿಂತ ಹೆಚ್ಚು.
(ಈ) ನೀರು ಮೇಲೇರಿದ್ದು ಪೂರ್ತಿಯಾಗಿ ರೈತರು ಪಂಪ್‌ಸೆಟ್ ಓಡಿಸುವುದನ್ನು ಕಡಿಮೆ ಮಾಡಿದ್ದರ ಫಲವಲ್ಲ.
(ಉ) ಅಳತೆ ಮಾಡಿದ 12 ಬೋರ್‌ವೆಲ್‌ಗಳಲ್ಲಿ ಪ್ರತಿಯೊಂದರಲ್ಲೂ ನೀರು ಮೇಲೇರಿದೆ.

ವಾದದ ಸ್ವರೂಪವನ್ನು ಮೊದಲು ಗುರುತಿಸಬೇಕು. ಆಧಾರವು ಒಂದಾದ ಮೇಲೊಂದು ನಡೆದ ಎರಡು ಘಟನೆಗಳನ್ನು ಹೇಳುತ್ತದೆ. ತೀರ್ಮಾನವು ಒಂದು ಇನ್ನೊಂದಕ್ಕೆ ಕಾರಣವೆನ್ನುತ್ತದೆ. ಹಿಂದೆ ಮುಂದೆ ನಡೆದದ್ದರಿಂದ ಕಾರ್ಯಕಾರಣಕ್ಕೆ ಜಿಗಿದ ಜಾಗದಲ್ಲೇ ಅಂತರವಿದೆ.

(ಇ) ಆಯ್ಕೆಯನ್ನು ಬೇಗ ಬದಿಗಿಡಬಹುದು. ಖರ್ಚು ಲಾಭಕ್ಕಿಂತ ಹೆಚ್ಚಾಗಿದ್ದರೂ ಹೂಳೆತ್ತಿದ್ದು ನೀರೇರಲು ಕಾರಣವಾಗಿರಬಹುದು. ಸಭೆಯಲ್ಲಿ ಮುಂದೆ ಚರ್ಚೆಯಾಗಬೇಕಾದ ವಿಷಯ ಅದೇ ಇರಬಹುದು, ಆದರೆ ಈ ವಾದ ಅದರ ಬಗ್ಗೆ ಏನೂ ಹೇಳಿಲ್ಲ. (ಉ) ಆಯ್ಕೆಯ ನಿಷೇಧ 'ಕನಿಷ್ಠ ಒಂದು ಬೋರ್‌ವೆಲ್‌ನಲ್ಲಿ ನೀರು ಮೇಲೇರಿಲ್ಲ' ಎಂದಾಗುತ್ತದೆ. ವಾದವು ಸರಾಸರಿಯನ್ನು ಹೇಳಿದೆ. ಒಂದರಲ್ಲಿ ಏರದೆ ಉಳಿದ ಹನ್ನೊಂದರಲ್ಲಿ ಏರಿದ್ದರೂ ಹೂಳೆತ್ತಿದ್ದರ ಪರಿಣಾಮವೆಂಬ ಮಾತಿಗೆ ಮೂಲಭೂತ ಧಕ್ಕೆಯಿಲ್ಲ.

(ಆ) ನೋಡಲು ಆಕರ್ಷಕ. ಅದನ್ನು ಸೇರಿಸಿದರೆ ತೀರ್ಮಾನವು ತಪ್ಪದೆ ಬರುತ್ತದೆ, ಅಂದರೆ ಅದು ಪರ್ಯಾಪ್ತ. ನಿಷೇಧಿಸಿದಾಗ ಸಿಗುವುದು 'ಹೂಳೆತ್ತಿದ ನಂತರ ನೀರೇರಿದ್ದರೂ ಹೂಳೆತ್ತಿದ್ದು ಕಾರಣವಲ್ಲದ ಊರು ಒಂದಾದರೂ ಇದೆ' ಎಂಬ ಮಾತು. ಎಲ್ಲೋ ದೂರದ ಊರಿನಲ್ಲಿ ಹಾಗಾಗಿದ್ದರೆ ಈ ಊರಿನ ವಾದ ಬೀಳುವುದಿಲ್ಲ. ಆದ್ದರಿಂದ ಅಗತ್ಯವಲ್ಲ. ಪ್ರಶ್ನೆಯು 'ಯಾವುದನ್ನು ಒಪ್ಪಿದರೆ ತೀರ್ಮಾನ ಸಿದ್ಧವಾಗುತ್ತದೆ' ಎಂದು ಕೇಳಿದ್ದರೆ ಉತ್ತರ ಇದೇ ಆಗುತ್ತಿತ್ತು.

ನಿಜವಾದ ಪೈಪೋಟಿ ಇರುವುದು (ಅ) ಮತ್ತು (ಈ) ನಡುವೆ. ಹೆಚ್ಚಿನ ಓದುಗರು (ಅ) ಆಯ್ಕೆಗೆ ಒಲಿಯುತ್ತಾರೆ, ಏಕೆಂದರೆ ಮಳೆ ಹೆಚ್ಚಾಗಿತ್ತೇ ಎಂಬುದು ಈ ವಾದವನ್ನು ಕೇಳಿದ ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ. ಆದರೆ ಅದರ ನಿಷೇಧ 'ಹಿಂದಿನ ವರ್ಷಕ್ಕಿಂತ ಹೆಚ್ಚು ಮಳೆಯಾಗಿದೆ' ಎಂದಷ್ಟೇ. ಎಷ್ಟು ಹೆಚ್ಚೆಂದು ಅದು ಹೇಳುವುದಿಲ್ಲ. 5 ಮಿಲಿಮೀಟರ್ ಹೆಚ್ಚು ಬಿದ್ದಿದ್ದರೂ ನಿಷೇಧ ನಿಜವಾಗುತ್ತದೆ, ಆ 5 ಮಿಲಿಮೀಟರ್ 40 ಅಡಿಯ ಏರಿಕೆಯನ್ನು ವಿವರಿಸಲಾರದು. ಮಳೆ ಸಾಕಷ್ಟು ಹೆಚ್ಚಾಗಿದ್ದರೂ, ಹೂಳು ತೆಗೆದದ್ದರಿಂದಲೇ ಆ ಮಳೆಯ ನೀರು ಕೆರೆಯಲ್ಲಿ ನಿಂತು ನೆಲಕ್ಕೆ ಇಂಗಿತೆನ್ನಲು ಅವಕಾಶವಿದೆ. (ಅ) ವಾದವನ್ನು ಬಲಪಡಿಸುತ್ತದೆ, ಅದರ ನಿಷೇಧ ವಾದವನ್ನು ದುರ್ಬಲಗೊಳಿಸುತ್ತದೆ, ಕೆಡವುವುದಿಲ್ಲ. ದುರ್ಬಲಗೊಳಿಸುವುದಕ್ಕೂ ಕೆಡವುವುದಕ್ಕೂ ಇರುವ ಈ ವ್ಯತ್ಯಾಸದ ಮೇಲೆಯೇ ಕಠಿಣವಾದ ಪ್ರಶ್ನೆಗಳನ್ನು ಕಟ್ಟಲಾಗುತ್ತದೆ.

(ಈ) ಆಯ್ಕೆಯ ನಿಷೇಧ 'ನೀರು ಮೇಲೇರಿದ್ದು ಪೂರ್ತಿಯಾಗಿ ಪಂಪ್‌ಸೆಟ್ ಓಡಿಸುವುದು ಕಡಿಮೆಯಾದ್ದರ ಫಲ'. ಏರಿಕೆಯೆಲ್ಲವೂ ಅದರಿಂದಲೇ ಆಗಿದ್ದರೆ ಹೂಳೆತ್ತಿದ್ದಕ್ಕೆ ಅದರಲ್ಲಿ ಯಾವ ಪಾಲೂ ಇಲ್ಲ. ತೀರ್ಮಾನಕ್ಕೆ ಜಾಗವೇ ಉಳಿಯುವುದಿಲ್ಲ. ಉತ್ತರ (ಈ). ವಾದದಲ್ಲಿ ಪಂಪ್‌ಸೆಟ್‌ನ ಪ್ರಸ್ತಾಪವೇ ಇಲ್ಲವೆಂದು ಈ ಆಯ್ಕೆಯನ್ನು ಬಿಡುವವರಿದ್ದಾರೆ. ಆದರೆ ಅಗತ್ಯ ಗೃಹೀತಗಳಲ್ಲಿ ಎರಡು ಬಗೆಗಳುಂಟು. ಕೆಲವು ಆಧಾರದ ಪದವನ್ನೂ ತೀರ್ಮಾನದ ಪದವನ್ನೂ ಜೋಡಿಸುವ ಸೇತುವೆಯಂತಿರುತ್ತವೆ. ಕೆಲವು ವಾದಕ್ಕೆ ಹೊರಗಿನಿಂದ ಬರಬಹುದಾದ ಅಪಾಯವನ್ನು ತಡೆಯುವ ಕಾವಲಿನಂತಿರುತ್ತವೆ. ಕಾವಲಿನ ಬಗೆಯವು ವಾದದಲ್ಲಿಲ್ಲದ ಹೊಸ ವಿಷಯವನ್ನು ತರುವುದು ಸಹಜ, ಅವುಗಳಲ್ಲಿ 'ಅಲ್ಲ', 'ಇಲ್ಲ' ಎಂಬ ನಿಷೇಧಪದವೂ ಆಗಾಗ ಇರುತ್ತದೆ.

ಇದೇ ವಾದದ ತೀರ್ಮಾನವನ್ನು 'ನೀರು ಮೇಲೇರಲು ಹೂಳೆತ್ತಿದ್ದೊಂದೇ ಕಾರಣ' ಎಂದು ಬದಲಿಸಿದರೆ ಅಗತ್ಯ ಗೃಹೀತಗಳೂ ಬದಲಾಗುತ್ತವೆ. ಆಗ 'ಪಂಪ್‌ಸೆಟ್ ಬಳಕೆ ತಗ್ಗಿದ್ದರ ಪಾಲು ಈ ಏರಿಕೆಯಲ್ಲಿ ಸ್ವಲ್ಪವೂ ಇಲ್ಲ' ಎಂಬ ಬಿಗಿಯಾದ ಮಾತೂ ಅಗತ್ಯವಾಗುತ್ತದೆ, ಏಕೆಂದರೆ ಚೂರು ಪಾಲಿದ್ದರೂ 'ಒಂದೇ ಕಾರಣ' ಎಂಬುದು ಸುಳ್ಳು. ಮೊದಲಿನ ತೀರ್ಮಾನಕ್ಕೆ ಇದು ಅಗತ್ಯವಾಗಿರಲಿಲ್ಲ. ಅಂದರೆ ಒಂದು ಹೇಳಿಕೆಯನ್ನು ತನ್ನಷ್ಟಕ್ಕೆ 'ಅಗತ್ಯ' ಎನ್ನಲಾಗದು. ತೀರ್ಮಾನ ಎಷ್ಟು ದೊಡ್ಡದಾಗಿ ಮಾತನಾಡಿದೆ ಎಂಬುದನ್ನು ನೋಡಿಯೇ ಹೇಳಬೇಕು. ಗಟ್ಟಿಯಾದ ಮಾತುಳ್ಳ ಆಯ್ಕೆಗಳನ್ನೆಲ್ಲ ಕಣ್ಣುಮುಚ್ಚಿ ಬಿಡಬೇಕೆಂದು ಕೆಲವು ಕೈಪಿಡಿಗಳು ಕೊಡುವ ಸಲಹೆ ಇಲ್ಲಿ ಕೈಕೊಡುತ್ತದೆ.

## ಪರೀಕ್ಷೆಯ ಮಿತಿಗಳು

ನಿಷೇಧ ಪರೀಕ್ಷೆ ಅಗತ್ಯ ಗೃಹೀತಕ್ಕೆ ಮಾತ್ರ ಸಲ್ಲುತ್ತದೆ. ಪರ್ಯಾಪ್ತ ಗೃಹೀತವನ್ನು ಕೇಳಿದ ಪ್ರಶ್ನೆಗೆ ಅದನ್ನು ಬಳಸಿದರೆ ಸರಿಯುತ್ತರವನ್ನೇ ತಳ್ಳಿಹಾಕುವ ಸಂಭವವಿದೆ. 'ಮಾವಿನ ಹಣ್ಣುಗಳೆಲ್ಲ ಸಿಹಿ' ಎಂಬುದನ್ನು ನಿಷೇಧಿಸಿದರೆ ಎಲ್ಲೋ ಒಂದು ಹುಳಿ ಮಾವು ಇದೆಯೆಂದಾಗುತ್ತದೆ. ರಸಪುರಿಯ ವಾದಕ್ಕೆ ಅದರಿಂದ ಏನೂ ಆಗುವುದಿಲ್ಲ. ಪರ್ಯಾಪ್ತತೆಯನ್ನು ನೋಡುವ ಬಗೆ ಬೇರೆ. ಆಯ್ಕೆಯನ್ನು ನಿಜವೆಂದು ಆಧಾರಗಳ ಜೊತೆ ಸೇರಿಸಿ, ಇವೆಲ್ಲ ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವ ಒಂದು ಸನ್ನಿವೇಶವನ್ನು ಕಲ್ಪಿಸಲು ಸಾಧ್ಯವೇ ಎಂದು ಹುಡುಕಬೇಕು. ಒಂದಾದರೂ ಸಿಕ್ಕಿದರೆ ಆ ಆಯ್ಕೆ ಪರ್ಯಾಪ್ತವಲ್ಲ.

ನಿಷೇಧಿಸಿದ ಹೇಳಿಕೆ ಆಧಾರವಾಕ್ಯವನ್ನೇ ಸುಳ್ಳು ಮಾಡುವಂತಿದ್ದರೆ ಆ ಆಯ್ಕೆ ಗೃಹೀತವಲ್ಲ, ಆಗಲೇ ಹೇಳಿದ್ದರ ಪುನರುಕ್ತಿ. ಕೆರೆಯ ಉದಾಹರಣೆಯಲ್ಲಿ 'ಈ ಬೇಸಿಗೆಯಲ್ಲಿ ಆ ಬೋರ್‌ವೆಲ್‌ಗಳಲ್ಲಿ ನೀರಿದೆ' ಎಂಬ ಆಯ್ಕೆಯಿದ್ದಿದ್ದರೆ ಅದರ ನಿಷೇಧದಿಂದ ವಾದ ಬೀಳುತ್ತಿತ್ತು, ಆದರೆ ಅದನ್ನು ವಾದವು ಬಾಯಿಬಿಟ್ಟೇ ಹೇಳಿದೆ. ಗೃಹೀತವೆಂದರೆ ಹೇಳದೆ ಉಳಿದದ್ದು.

ಸಮಯದ ಮಿತಿಯೂ ಇದೆ. ಐದೂ ಆಯ್ಕೆಗಳನ್ನು ನಿಷೇಧಿಸಿ ಓದುವುದು ನಿಧಾನದ ಕೆಲಸ. ಆದ್ದರಿಂದ ಮೇಲೆ ಮಾಡಿದಂತೆ ಅಂತರವನ್ನು ಮೊದಲು ಗುರುತಿಸಿ, ಸಂಬಂಧವಿಲ್ಲದವನ್ನು ಬಿಟ್ಟು, ಉಳಿದ ಎರಡರ ನಡುವೆ ತೀರ್ಪು ಕೊಡಲು ಈ ಪರೀಕ್ಷೆಯನ್ನು ಕಾಯ್ದಿರಿಸಿಕೊಳ್ಳುವುದು ರೂಢಿ.

## ಪ್ರವೇಶ ಮತ್ತು ನೇಮಕಾತಿ ಪರೀಕ್ಷೆಗಳಲ್ಲಿ

ಈ ಎರಡು ಬಗೆಗಳನ್ನು ಅತ್ಯಂತ ಸ್ಪಷ್ಟವಾಗಿ ಬೇರ್ಪಡಿಸಿ ಕೇಳುವ ಪರೀಕ್ಷೆಯೆಂದರೆ ಅಮೆರಿಕ ಮತ್ತು ಕೆನಡಾದ ಕಾನೂನು ಶಾಲೆಗಳ ಪ್ರವೇಶಕ್ಕೆ ನಡೆಯುವ ಎಲ್‌ಸ್ಯಾಟ್. ಅದರ ತಾರ್ಕಿಕ ವಿವೇಚನೆಯ ಭಾಗದಲ್ಲಿ ಪ್ರತಿ ಪ್ರಶ್ನೆಗೂ ಐದು ಆಯ್ಕೆಗಳಿರುತ್ತವೆ. ವಾದವು ಯಾವುದನ್ನು 'ಅವಲಂಬಿಸಿದೆ', ಯಾವುದು 'ಬೇಕೇ ಬೇಕು' ಎಂಬ ಧಾಟಿಯ ಪ್ರಶ್ನೆ ಅಗತ್ಯ ಗೃಹೀತವನ್ನು ಕೇಳುತ್ತದೆ. ಯಾವುದನ್ನು 'ಒಪ್ಪಿದರೆ' ತೀರ್ಮಾನವು 'ತಾರ್ಕಿಕವಾಗಿ ಸಿದ್ಧವಾಗುತ್ತದೆ' ಎಂಬ ಧಾಟಿಯದು ಪರ್ಯಾಪ್ತ ಗೃಹೀತವನ್ನು ಕೇಳುತ್ತದೆ. 2024ರ ಆಗಸ್ಟ್‌ನಿಂದ ಈ ಪರೀಕ್ಷೆಯಲ್ಲಿ ಒಗಟಿನ ಮಾದರಿಯ ವಿಭಾಗವನ್ನು ಕೈಬಿಟ್ಟು ಅಂಕವಿರುವ ತಾರ್ಕಿಕ ವಿವೇಚನೆಯ ವಿಭಾಗಗಳನ್ನು ಎರಡಕ್ಕೆ ಏರಿಸಲಾಗಿದೆ. ವ್ಯವಹಾರ ನಿರ್ವಹಣಾ ಶಾಲೆಗಳ ಪ್ರವೇಶಕ್ಕಾಗಿ ನಡೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿಯೂ ಗೃಹೀತದ ಪ್ರಶ್ನೆಗಳಿವೆ. ಅಲ್ಲಿ ಕೇಳುವುದು ಬಹುಮಟ್ಟಿಗೆ ಅಗತ್ಯ ಗೃಹೀತವನ್ನು.

ಭಾರತದಲ್ಲಿ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ ಗದ್ಯಭಾಗವೊಂದನ್ನು ಕೊಟ್ಟು, ಅದರ ಆಧಾರದ ಮೇಲೆ ಮಾಡಿದ ಗೃಹೀತಗಳಲ್ಲಿ ಯಾವುವು ಸಿಂಧು ಎಂದು ಕೇಳುವ ಪ್ರಶ್ನೆಗಳು ಬರುತ್ತವೆ. ಬ್ಯಾಂಕ್ ನೇಮಕಾತಿ ಪರೀಕ್ಷೆಗಳಲ್ಲಿ ಪರಿಚಿತವಾದ 'ಹೇಳಿಕೆ ಮತ್ತು ಊಹೆ' ಪ್ರಶ್ನೆಗಳು ಸ್ವಲ್ಪ ಬೇರೆ ಜಾತಿಯವು. ಅಲ್ಲಿ ಕೊಟ್ಟಿರುವುದು ಎಷ್ಟೋ ವೇಳೆ ವಾದವೇ ಅಲ್ಲ, ಒಂದು ಸೂಚನೆ ಅಥವಾ ಜಾಹೀರಾತು. 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಫಲಕಕ್ಕೆ ತೀರ್ಮಾನವಿಲ್ಲ, ಆದರೆ ಉದ್ದೇಶವಿದೆ. 'ಫಲಕವನ್ನು ಓದುವವರಲ್ಲಿ ಕೆಲವರಾದರೂ ಅದನ್ನು ಪಾಲಿಸುತ್ತಾರೆ' ಎಂಬುದನ್ನು ನಿಷೇಧಿಸಿದರೆ, ಯಾರೂ ಪಾಲಿಸದ ಫಲಕವನ್ನು ಹಾಕುವುದರಲ್ಲಿ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಅದು ಅಂತರ್ಗತವಾದ ಗೃಹೀತ. 'ಎಲ್ಲರೂ ಪಾಲಿಸುತ್ತಾರೆ' ಎಂಬುದು ಅಲ್ಲ. ನಿಷೇಧ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ, ಬೀಳುವುದು ತೀರ್ಮಾನದ ಬದಲು ಉದ್ದೇಶ ಎಂಬುದಷ್ಟೇ ವ್ಯತ್ಯಾಸ.

## ಭಾರತೀಯ ತರ್ಕಪರಂಪರೆಯಲ್ಲಿ ಹೋಲುವ ಪರಿಕಲ್ಪನೆಗಳು

ನ್ಯಾಯದರ್ಶನದ ಐದು ಅವಯವಗಳ ಅನುಮಾನವಾಕ್ಯದಲ್ಲಿ ಹೊಗೆಯಿಂದ ಬೆಂಕಿಗೆ ಹೋಗುವ ಮುನ್ನ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿಯನ್ನು ಉದಾಹರಣೆಯೊಂದಿಗೆ ಬಾಯಿಬಿಟ್ಟು ಹೇಳಬೇಕು. ಈ ಲೇಖನದ ಪರಿಭಾಷೆಯಲ್ಲಿ ವ್ಯಾಪ್ತಿಯು ಒಂದು ಪರ್ಯಾಪ್ತ ಗೃಹೀತ. ಆ ಪದ್ಧತಿಯಲ್ಲಿ ಅದು ಗೃಹೀತವಾಗಿ ಅಡಗಿರಲು ಬಿಡುವುದಿಲ್ಲ. ವ್ಯಾಪ್ತಿಯ ಬಗ್ಗೆ ಸಂಶಯ ಬಂದಾಗ ಅದರ ವಿರುದ್ಧವನ್ನು ಒಪ್ಪಿದರೆ ಏನು ಅಸಂಗತವಾಗುತ್ತದೆಂದು ತೋರಿಸುವ ಕ್ರಮಕ್ಕೆ ನೈಯಾಯಿಕರು ತರ್ಕವೆಂದೇ ಹೆಸರಿಟ್ಟಿದ್ದಾರೆ. ವಿರುದ್ಧವನ್ನು ಒಪ್ಪಿ ನೋಡುವ ಮಟ್ಟಿಗೆ ಅದು ನಿಷೇಧ ಪರೀಕ್ಷೆಯನ್ನು ಹೋಲುತ್ತದೆ.

ಮೀಮಾಂಸಕರ ಅರ್ಥಾಪತ್ತಿ ಅಗತ್ಯ ಗೃಹೀತಕ್ಕೆ ಇನ್ನೂ ಹತ್ತಿರದ್ದು. ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ರಾತ್ರಿ ಉಣ್ಣುತ್ತಾನೆಂದು ಒಪ್ಪದೆ ಈ ಎರಡು ಸಂಗತಿಗಳು ಹೊಂದಿಕೊಳ್ಳುವುದಿಲ್ಲ ಎಂಬುದು ಅದರ ಪ್ರಸಿದ್ಧ ಉದಾಹರಣೆ. 'ಇದನ್ನು ಒಪ್ಪದೆ ಅದು ಕೂಡದು' ಎಂಬ ನಡೆ ಎರಡಕ್ಕೂ ಸಮಾನ. ಆದರೆ ಅರ್ಥಾಪತ್ತಿಯು ಪ್ರಮಾಣ, ಅಂದರೆ ಸತ್ಯವನ್ನು ತಿಳಿಯುವ ಸಾಧನ. ದೇವದತ್ತ ರಾತ್ರಿ ಉಣ್ಣುತ್ತಾನೆಂಬುದು ಅದರಿಂದ ಸಿದ್ಧವಾದ ಸಂಗತಿ. ಅಗತ್ಯ ಗೃಹೀತವಾದರೋ ವಾದಿಯು ಹೊತ್ತುಕೊಂಡ ಹೊಣೆ ಮಾತ್ರ. ಕೆರೆಯ ವಾದಕ್ಕೆ ಅದು ಬೇಕೆಂಬುದರಿಂದ ಆ ಊರಿನ ರೈತರು ಪಂಪ್‌ಸೆಟ್ ಓಡಿಸುವುದನ್ನು ಕಡಿಮೆ ಮಾಡಿದರೋ ಇಲ್ಲವೋ ಎಂಬುದು ಗೊತ್ತಾಗುವುದಿಲ್ಲ.